ಚಿಲ್ಲರೆ ಪೆಟ್ಟಿಗೆ ತಾಳೆಯಾದರೂ ಆಡಿಟರು ಒಪ್ಪದಿರುವುದೇಕೆ?

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಚಿಲ್ಲರೆ ಖರ್ಚಿಗೆಂದು ಹತ್ತು ಸಾವಿರದ ಇಂಪ್ರೆಸ್ಟ್ ಇಟ್ಟಿದ್ದೇವೆ. ದುಡ್ಡು ಮುಗಿಯುತ್ತ ಬಂದಾಗ ಕ್ಯಾಶಿಯರ್ ಕೇಳುತ್ತಾರೆ, ಬ್ಯಾಂಕಿನಿಂದ ಐದೋ ಎಂಟೋ ಸಾವಿರ ತೆಗೆಸಿ ಕೊಡುತ್ತೇವೆ. ಪುಸ್ತಕ ದಿನಾ ಬರೆದಿರುತ್ತದೆ, ಶಿಲ್ಕು ಸರಿಯಾಗಿ ತಾಳೆಯಾಗುತ್ತದೆ. ಆದರೂ ಆಡಿಟರು ‘ಇದು ಇಂಪ್ರೆಸ್ಟೇ ಅಲ್ಲ’ ಎಂದು ಟಿಪ್ಪಣಿ ಬರೆದಿದ್ದಾರೆ. ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟು ತಕರಾರು ಯಾಕೆ? ನಾವು ತಪ್ಪಿದ್ದೆಲ್ಲಿ?

ಉತ್ತರ: ತಪ್ಪಿದ್ದು ಆ ‘ಐದೋ ಎಂಟೋ ಸಾವಿರ’ದಲ್ಲಿ. ಉಳಿದದ್ದನ್ನೆಲ್ಲ ನೀವು ಬಹುಮಟ್ಟಿಗೆ ಸರಿಯಾಗಿಯೇ ಮಾಡುತ್ತಿದ್ದೀರಿ. ಆದರೆ ಆ ಒಂದು ಕಡೆ ತಪ್ಪಿದರೆ ಇಂಪ್ರೆಸ್ಟ್ ಪದ್ಧತಿಯಲ್ಲಿ ಹೆಸರು ಬಿಟ್ಟು ಬೇರೇನೂ ಉಳಿಯುವುದಿಲ್ಲ, ಹಾಗಾಗಿ ಆಡಿಟರ ಮಾತು ಒರಟಾಗಿ ಕಂಡರೂ ನಿಜ.

ಇಂಪ್ರೆಸ್ಟ್ ಎಂದರೆ ಮೂಲದಲ್ಲಿ ಮುಂಗಡ. ಒಬ್ಬರ ಕೈಗೆ ಒಂದು ನಿಗದಿಯಾದ ಮೊತ್ತ ಕೊಡುತ್ತೀರಿ, ಅಂದಿನಿಂದ ಆ ಮೊತ್ತಕ್ಕೆ ಅವರೇ ಹೊಣೆ. ಅವರು ಖರ್ಚು ಮಾಡಿದಾಗ ದುಡ್ಡು ಪೆಟ್ಟಿಗೆಯಿಂದ ಹೋಗುತ್ತದೆ, ಅದರ ಜಾಗಕ್ಕೆ ಅಷ್ಟೇ ಮೊತ್ತದ ವೋಚರ್ ಬಂದು ಕೂರುತ್ತದೆ. ಆದ್ದರಿಂದ ಯಾವ ದಿನ, ಯಾವ ಗಳಿಗೆಯಲ್ಲಿ ಪೆಟ್ಟಿಗೆ ತೆರೆದರೂ ಒಳಗಿನ ನಗದು ಮತ್ತು ಇನ್ನೂ ಹಣ ಮರಳಿ ಕೊಡದ ವೋಚರ್‌ಗಳು, ಈ ಎರಡನ್ನು ಕೂಡಿದರೆ ಹತ್ತು ಸಾವಿರವೇ ಬರಬೇಕು. ವೋಚರ್‌ಗಳನ್ನು ತೋರಿಸಿ ಅವುಗಳಷ್ಟೇ ದುಡ್ಡು ಮರಳಿ ಪಡೆದಾಗ ಪೆಟ್ಟಿಗೆ ಮತ್ತೆ ಪೂರ್ತಿ ನಗದಾಗುತ್ತದೆ. ಪದ್ಧತಿ ಎಂದರೆ ಇಷ್ಟೇ. ಇದರಲ್ಲಿ ಮುಖ್ಯವಾದದ್ದು ಆ ಹತ್ತು ಸಾವಿರ ಅನ್ನುವ ಅಂಕಿ ಕ್ಯಾಶಿಯರ್ ಬರೆಯುವ ಪುಸ್ತಕದಿಂದ ಹುಟ್ಟಿದ್ದಲ್ಲ ಅನ್ನುವುದು. ಅದನ್ನು ನಿಗದಿ ಮಾಡಿದ್ದು ಆಡಳಿತ, ಬರೆದಿಟ್ಟದ್ದು ಲೆಡ್ಜರ್‌ನಲ್ಲಿ. ಪೆಟ್ಟಿಗೆ ಕಾಯುವವರ ಕೈಗೆ ಅದು ಸಿಗುವುದಿಲ್ಲ.

ಈಗ ನಿಮ್ಮ ಪದ್ಧತಿಯನ್ನು ನೋಡೋಣ. ಹತ್ತು ಸಾವಿರದಿಂದ ಶುರು ಮಾಡಿದಿರಿ. 7,596 ಖರ್ಚಾಯಿತು ಎಂದು ಪುಸ್ತಕ ಹೇಳಿತು, ಉಳಿದದ್ದು 2,404. ನೀವು 8,000 ಕೊಟ್ಟಿರಿ, ಶಿಲ್ಕು 10,404 ಆಯಿತು. ಮುಂದಿನ ಸಲ 6,870 ಖರ್ಚು, ಉಳಿದದ್ದು 3,534. ಕೈಯಲ್ಲಿ ಕಡಿಮೆ ಇತ್ತೆಂದು 5,000 ಕೊಟ್ಟಿರಿ, ಈಗ 8,534. ಹೀಗೆ ಎರಡು ಸಲ ಕಳೆಯುವಷ್ಟರಲ್ಲಿ ಹತ್ತು ಸಾವಿರಕ್ಕೂ ಪೆಟ್ಟಿಗೆಗೂ ಸಂಬಂಧ ಕಡಿದುಹೋಯಿತು. ಇವತ್ತು ಪೆಟ್ಟಿಗೆಯಲ್ಲಿ ಎಷ್ಟಿರಬೇಕು ಎಂದು ನಾನು ಕೇಳಿದರೆ ನೀವು ಕ್ಯಾಶಿಯರನ್ನೇ ಕೇಳಬೇಕು, ಅವರು ತಮ್ಮ ಪುಸ್ತಕ ನೋಡಿ ಹೇಳಬೇಕು. ಆಮೇಲೆ ನೀವು ನಗದು ಎಣಿಸಿ ಆ ಪುಸ್ತಕದ ಜೊತೆ ತಾಳೆ ನೋಡುತ್ತೀರಿ. ನಗದೂ ಅವರದೇ ಕೈಯಲ್ಲಿ, ಪುಸ್ತಕವೂ ಅವರದೇ ಕೈಯಲ್ಲಿ. ಎರಡೂ ತಾಳೆಯಾಗದೆ ಇನ್ನೇನಾದೀತು? ಕ್ಯಾಶಿಯರ್ ಪ್ರಾಮಾಣಿಕರಲ್ಲ ಎಂದು ನಾನು ಹೇಳುತ್ತಿಲ್ಲ. ಅವರು ಪ್ರಾಮಾಣಿಕರು ಎಂದು ತೋರಿಸಿಕೊಡಲು ನಿಮ್ಮ ಪದ್ಧತಿಯಲ್ಲಿ ಅವರಿಗೇ ದಾರಿ ಇಲ್ಲ.

ಇನ್ನೊಂದು ವಿಷಯ. ದುಂಡು ಮೊತ್ತ ಕೊಡುವಾಗ ವೋಚರ್‌ಗಳನ್ನು ನೋಡಬೇಕಾದ ಅಗತ್ಯವೇ ಬರುವುದಿಲ್ಲ. ಎಂಟು ಸಾವಿರ ಕೊಡಲು ‘ದುಡ್ಡು ಮುಗೀತು’ ಅನ್ನುವ ಒಂದು ಮಾತು ಸಾಕು. ಆದರೆ 7,636ಕ್ಕೆ ಚೆಕ್ ಬರೆಯಬೇಕಾದರೆ ಆ ಅಂಕಿ ಎಲ್ಲಿಂದ ಬಂತು ಎಂದು ಯಾರಾದರೂ ಕೂಡಿ ನೋಡಲೇಬೇಕು. ದುಂಡಾಗಿರದ ಚೆಕ್ ಅಂದರೆ ಯಾರೋ ಒಬ್ಬರು ಕಾಗದ ನೋಡಿದ್ದಾರೆ ಎಂಬುದರ ಗುರುತು. ನಾನು ಯಾವುದೇ ಸಂಸ್ಥೆಯ ಬ್ಯಾಂಕ್ ಪುಸ್ತಕ ತಿರುವಿಹಾಕುವಾಗ ಪೆಟ್ಟಿ ಕ್ಯಾಶ್‌ಗೆ ಹೋದ ಮೊತ್ತಗಳೆಲ್ಲ ಸೊನ್ನೆಗಳಿಂದ ಮುಗಿದಿದ್ದರೆ ಅಲ್ಲೇ ಪೆನ್ಸಿಲಿನಿಂದ ಒಂದು ಗೆರೆ ಎಳೆದಿಡುತ್ತೇನೆ.

ನಿಮ್ಮ ಆಡಿಟರು ಪೆಟ್ಟಿಗೆ ಮುಟ್ಟುವ ಮೊದಲೇ ಲೆಡ್ಜರ್ ತೆಗೆದು ನೋಡಿರಬೇಕು. ನಿಜವಾದ ಇಂಪ್ರೆಸ್ಟಿನಲ್ಲಿ ಲೆಡ್ಜರ್‌ನ ಪೆಟ್ಟಿ ಕ್ಯಾಶ್ ಖಾತೆಯಲ್ಲಿ ವರ್ಷವಿಡೀ ಒಂದೇ ಸಾಲು ಇರುತ್ತದೆ: ಹತ್ತು ಸಾವಿರ. ಮೊದಲ ದಿನ ದುಡ್ಡು ಕೊಟ್ಟಾಗ ಪೆಟ್ಟಿ ಕ್ಯಾಶ್ ಖಾತೆಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್. ಆಮೇಲೆ ಎಷ್ಟು ಸಲ ದುಡ್ಡು ತುಂಬಿದರೂ ಆ ಖಾತೆಯನ್ನು ಮುಟ್ಟುವುದಿಲ್ಲ. ಡೆಬಿಟ್ ಆಗುವುದು ನೇರವಾಗಿ ಆಯಾ ಖರ್ಚಿನ ಖಾತೆಗಳಿಗೆ. ವರ್ಷ ಮುಗಿಯುವ ದಿನದ ಹೊಂದಾಣಿಕೆಯೊಂದನ್ನು ಬಿಟ್ಟರೆ, ನಿಗದಿ ಮೊತ್ತವನ್ನೇ ಏರಿಸಿದಾಗ ಇಲ್ಲವೇ ಇಳಿಸಿದಾಗ ಮಾತ್ರ ಆ ಖಾತೆಯಲ್ಲಿ ಎರಡನೇ ಸಾಲು ಬರುತ್ತದೆ. ನಿಮ್ಮ ಲೆಡ್ಜರ್‌ನಲ್ಲಿ ಆ ಖಾತೆ ಎರಡು ಪುಟ ತುಂಬಿದ್ದರೆ ಅಷ್ಟರಲ್ಲೇ ಉತ್ತರ ಇದೆ.

ಹಾಗಾದರೆ ಸರಿಯಾದ ಕ್ರಮ ಹೇಗಿರಬೇಕು? ಒಂದು ಮರುಭರ್ತಿಯನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ಈ ಪದ್ಧತಿಯ ನಿಯಂತ್ರಣವೆಲ್ಲ ಇರುವುದು ಆ ಹದಿನೈದು ನಿಮಿಷದಲ್ಲಿ.

ಕ್ಯಾಶಿಯರ್ ಪೆಟ್ಟಿಗೆ ತಂದು ಮೇಜಿನ ಮೇಲೆ ಇಡುತ್ತಾರೆ. ಎದುರಿಗೆ ಕೂತವರು ಪೆಟ್ಟಿಗೆಯ ಕೀಲಿಯಿಲ್ಲದ, ಲೆಡ್ಜರ್ ಬರೆಯದ ಬೇರೊಬ್ಬರು. ಮೊದಲು ನಗದು ಎಣಿಸುತ್ತಾರೆ, ನೋಟು ಎಷ್ಟು ನಾಣ್ಯ ಎಷ್ಟು ಎಂದು ಬಿಡಿಬಿಡಿಯಾಗಿ ಬರೆದು: 2,364. ಆಮೇಲೆ ವೋಚರ್‌ಗಳು. ಅವು ಮೊದಲೇ ಅಚ್ಚಾದ ಕ್ರಮಸಂಖ್ಯೆಯವು, ಈ ಸಲದವು 211ರಿಂದ 238ರವರೆಗೆ. ಒಂದೂ ನಡುವೆ ಬಿಟ್ಟುಹೋಗಿಲ್ಲ. 224ನೆಯದು ಬರೆಯುವಾಗ ಕೆಟ್ಟುಹೋಗಿತ್ತು, ಅದನ್ನೂ ಹರಿದು ಬಿಸಾಡದೆ ‘ರದ್ದು’ ಎಂದು ಬರೆದು ಇಟ್ಟುಕೊಂಡಿದ್ದಾರೆ. ಪ್ರತಿ ವೋಚರ್‌ನಲ್ಲಿ ದಿನಾಂಕ, ಯಾಕೆ ಖರ್ಚಾಯಿತು, ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ, ದುಡ್ಡು ಪಡೆದವರ ಸಹಿ, ಒಪ್ಪಿಗೆ ಕೊಟ್ಟವರ ಸಹಿ. ಹಿಂದೆ ಬಿಲ್ಲು ಪಿನ್ ಮಾಡಿದೆ. ಅಕ್ಷರದಲ್ಲಿ ಬರೆಯುವುದು ಹಳೇ ಶಾಸ್ತ್ರ ಎಂದು ಕೆಲವರು ಬಿಟ್ಟುಬಿಡುತ್ತಾರೆ. ಆದರೆ 140ರ ಹಿಂದೆ ಒಂದು ಗೀಟು ಎಳೆದರೆ 1,140 ಆಗುತ್ತದೆ, ‘ನೂರ ನಲವತ್ತು’ ಎಂಬುದರ ಹಿಂದೆ ಒಂದು ಗೀಟು ಎಳೆದರೆ ಏನೂ ಆಗುವುದಿಲ್ಲ.

ವೋಚರ್‌ಗಳ ಒಟ್ಟು ಮೊತ್ತ 7,596. ತಲೆಬರಹಗಳ ಪ್ರಕಾರ ಹಂಚಿದಾಗ ಅಂಚೆ ಮತ್ತು ಕೊರಿಯರ್ 1,840, ಲೇಖನ ಸಾಮಗ್ರಿ ಮತ್ತು ಜೆರಾಕ್ಸ್ 2,215, ಓಡಾಟ 1,965, ಸ್ವಚ್ಛತೆ 980, ಸಣ್ಣಪುಟ್ಟ ರಿಪೇರಿ 596. ಪೆಟ್ಟಿ ಕ್ಯಾಶ್ ಪುಸ್ತಕದಲ್ಲಿ ಒಂದೊಂದು ತಲೆಬರಹಕ್ಕೂ ಒಂದೊಂದು ಕಾಲಂ ಇರುವುದು ಇದಕ್ಕಾಗಿಯೇ. ಇಪ್ಪತ್ತೇಳು ಚೀಟಿಗಳು ಲೆಡ್ಜರ್‌ಗೆ ಹೋಗುವಾಗ ಐದೇ ಅಂಕಿಗಳಾಗಿ ಹೋಗುತ್ತವೆ.

ನಗದು 2,364, ವೋಚರ್ 7,596, ಕೂಡಿದರೆ 9,960. ನಲವತ್ತು ಕಡಿಮೆ. ಎಣಿಸಿದವರು ಮತ್ತೊಮ್ಮೆ ಎಣಿಸುತ್ತಾರೆ, ವೋಚರ್‌ಗಳನ್ನು ಮತ್ತೊಮ್ಮೆ ಕೂಡುತ್ತಾರೆ. ಆಗಲೂ ನಲವತ್ತೇ ಕಡಿಮೆ. ಚಿಲ್ಲರೆ ಕೊಡುವಾಗ ಎಲ್ಲೋ ಹೆಚ್ಚು ಹೋಗಿರಬಹುದು. ಚೆಕ್ ಬರೆಯುವುದು 7,636ಕ್ಕೆ, ಪೆಟ್ಟಿಗೆಯನ್ನು ಮತ್ತೆ ಹತ್ತು ಸಾವಿರಕ್ಕೆ ತರಲು ಬೇಕಾದಷ್ಟು. ಐದು ಖರ್ಚಿನ ಖಾತೆಗಳಿಗೆ 7,596 ಡೆಬಿಟ್, ‘ನಗದು ಹೆಚ್ಚು ಕಡಿಮೆ’ ಎಂಬ ಖಾತೆಗೆ 40 ಡೆಬಿಟ್, ಬ್ಯಾಂಕಿಗೆ 7,636 ಕ್ರೆಡಿಟ್. ಚೆಕ್ ಬರೆಯುವುದು ಪೆಟ್ಟಿಗೆ ನೋಡಿಕೊಳ್ಳುವವರ ಹೆಸರಿಗೆ, ಯಾಕೆಂದರೆ ಹತ್ತು ಸಾವಿರಕ್ಕೆ ಹೊಣೆ ಹೊತ್ತವರು ಅವರು.

ಕೊನೆಯ ಕೆಲಸ, ಬಹಳ ಕಡೆ ಮರೆಯುವ ಕೆಲಸ: ಚೆಕ್ಕಿಗೆ ಸಹಿ ಮಾಡುವವರು ಪ್ರತಿ ವೋಚರ್ ಮೇಲೂ ಅದರ ಹಿಂದಿನ ಬಿಲ್ಲಿನ ಮೇಲೂ ‘ಪಾವತಿಯಾಗಿದೆ’ ಎಂಬ ಮೊಹರು ಒತ್ತಿ, ಕಟ್ಟನ್ನು ಲೆಕ್ಕಪತ್ರ ವಿಭಾಗಕ್ಕೇ ಕಳಿಸಬೇಕು. ಆ ಕಟ್ಟು ಕ್ಯಾಶಿಯರ್ ಕೈಗೆ ಹಿಂದಿರುಗಬಾರದು. ವೋಚರ್‌ಗೆ ಮಾತ್ರ ಮೊಹರು ಒತ್ತಿ ಬಿಲ್ಲನ್ನು ಬಿಟ್ಟರೆ ಆ ಬಿಲ್ಲಿಗೆ ಹೊಸ ವೋಚರ್ ಹಚ್ಚಿ ಮುಂದಿನ ತಿಂಗಳು ಮತ್ತೆ ತರಬಹುದು. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರೊಬ್ಬರು ಬಿಲ್ಲನ್ನು ಓದುವ ಮೊದಲು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಏನು ನೋಡುತ್ತಿದ್ದಾರೆ ಎಂದು ನನಗೆ ಬಹಳ ದಿನ ಗೊತ್ತಾಗಲಿಲ್ಲ. ಅವರು ನೋಡುತ್ತಿದ್ದದ್ದು ಸ್ಟೇಪ್ಲರ್‌ನ ತೂತುಗಳನ್ನು. ಒಂದು ಬಿಲ್ಲನ್ನು ಒಂದೇ ವೋಚರ್‌ಗೆ ಹಚ್ಚಿದ್ದರೆ ಒಂದು ಜೋಡಿ ತೂತು ಇರಬೇಕು. ಎರಡು ಜೋಡಿ ಇದ್ದರೆ ಅದು ಈ ಮೊದಲು ಬೇರೆಲ್ಲೋ ಹಚ್ಚಿಕೊಂಡು ಬಂದ ಬಿಲ್ಲು. ತಪ್ಪಾಗಿ ಹಚ್ಚಿ ಕಿತ್ತು ಮತ್ತೆ ಹಚ್ಚಿದ್ದೂ ಇರಬಹುದು, ಆದರೆ ಕೇಳುವುದಕ್ಕೆ ಅಷ್ಟು ಸಾಕು.

ಆ ನಲವತ್ತರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕೊರತೆ ಕಂಡ ಕೂಡಲೇ ಕ್ಯಾಶಿಯರ್ ಮೇಲೆ ರೇಗಿ, ‘ನಿಮ್ಮ ಕೈಯಿಂದ ಹಾಕಿ’ ಅನ್ನುವುದು ಬಹಳ ಕಡೆ ರೂಢಿ. ಹಾಗೆ ಎರಡು ಸಲ ಮಾಡಿದರೆ ಮೂರನೇ ಸಲ ಕೊರತೆ ಕಾಣುವುದೇ ಇಲ್ಲ. ಕಾಣುವುದಿಲ್ಲ ಎಂದರೆ ಆಗುವುದಿಲ್ಲ ಎಂದಲ್ಲ. ನಲವತ್ತರ ಒಂದು ಓಡಾಟದ ವೋಚರ್ ಬಂದು ಆ ಗುಂಡಿಯನ್ನು ಮುಚ್ಚಿರುತ್ತದೆ. ಹೀಗೆ ಪ್ರಾಮಾಣಿಕರೊಬ್ಬರಿಗೆ ಸುಳ್ಳು ವೋಚರ್ ಬರೆಯುವುದನ್ನು ನಾವೇ ಕಲಿಸಿರುತ್ತೇವೆ. ಕೈಯಿಂದ ಕೈಗೆ ನಗದು ಹೋಗುವ ಕಡೆ ಒಮ್ಮೊಮ್ಮೆ ಹತ್ತು ಕಡಿಮೆ, ಒಮ್ಮೊಮ್ಮೆ ಐದು ಹೆಚ್ಚು ಆಗುವುದು ಸಹಜ. ಅದನ್ನು ತೋರಿಸಲೆಂದೇ ಒಂದು ಖಾತೆ ಇಟ್ಟು, ವರ್ಷಾಂತ್ಯಕ್ಕೆ ಆ ಖಾತೆಯನ್ನು ನೋಡಿ. ಹೆಚ್ಚೂ ಕಡಿಮೆಯೂ ಬೆರೆತು ಬಂದಿದ್ದರೆ ಅದು ಕೈತಪ್ಪು. ಸಲಸಲಕ್ಕೂ ಕಡಿಮೆಯೇ ಬಂದು, ಮೊತ್ತ ಬೆಳೆಯುತ್ತಿದ್ದರೆ ಆಗ ಕೂತು ಮಾತಾಡಬೇಕು. ನನಗೆ ಇವೆರಡಕ್ಕಿಂತ ಹೆಚ್ಚು ಅನುಮಾನ ತರಿಸುವುದು ಮೂರು ವರ್ಷದಲ್ಲಿ ಒಂದೇ ಒಂದು ಸಲವೂ ಹೆಚ್ಚುಕಡಿಮೆ ಆಗದ ಪೆಟ್ಟಿಗೆ. ನೀವು ‘ಸರಿಯಾಗಿ ತಾಳೆಯಾಗುತ್ತದೆ’ ಎಂದು ಬರೆದದ್ದನ್ನು ಓದಿ ನನಗೆ ಮೊದಲು ಅನ್ನಿಸಿದ್ದೂ ಅದೇ.

ಇಲ್ಲಿ ಇಂಪ್ರೆಸ್ಟಿನ ಮಿತಿಯನ್ನೂ ಒಪ್ಪಿಕೊಳ್ಳಬೇಕು. ನಗದು ಮತ್ತು ವೋಚರ್ ಕೂಡಿ ಹತ್ತು ಸಾವಿರ ಬಂತು ಅಂದರೆ ಪೆಟ್ಟಿಗೆಯಿಂದ ಹೋದ ಪ್ರತಿ ಕಾಸಿಗೂ ಒಂದು ಕಾಗದ ಇದೆ ಎಂದಷ್ಟೇ ಅರ್ಥ. ಆ ಕಾಗದ ನಿಜವೋ ಸುಳ್ಳೋ ಎಂದು ಪೆಟ್ಟಿಗೆಗೆ ಗೊತ್ತಿಲ್ಲ. ಸುಳ್ಳು ವೋಚರ್ ಇದ್ದರೂ ಲೆಕ್ಕ ಚೊಕ್ಕವಾಗಿಯೇ ಕೂಡುತ್ತದೆ. ಅದನ್ನು ಹಿಡಿಯಬೇಕಾದದ್ದು ಎಣಿಕೆಯಲ್ಲಲ್ಲ, ವೋಚರ್‌ಗೆ ಒಪ್ಪಿಗೆ ಕೊಡುವವರ ಕಣ್ಣಲ್ಲಿ. ಇಂಪ್ರೆಸ್ಟ್ ಮಾಡುವ ಉಪಕಾರವೆಂದರೆ ಆ ಕಣ್ಣು ಮೂರು ವಾರಕ್ಕೊಮ್ಮೆ ಆ ಕಾಗದಗಳ ಮೇಲೆ ಬೀಳಲೇಬೇಕು ಎಂದು ಒತ್ತಾಯ ಮಾಡುವುದು, ಮತ್ತು ಏನೇ ಮೋಸ ನಡೆದರೂ ಎರಡು ಮರುಭರ್ತಿಗಳ ನಡುವೆ ಹತ್ತು ಸಾವಿರಕ್ಕಿಂತ ಹೆಚ್ಚು ಹೋಗದಂತೆ ತಡೆಯುವುದು.

ಆ ಕಣ್ಣಿಗೆ ಏನು ಕಾಣಬೇಕು? ಒಂದು ಸಲ ಒಂದು ಸಂಸ್ಥೆಯಲ್ಲಿ ಒಂದೊಂದು ಪಾವತಿಗೆ ಐನೂರರ ಮಿತಿ ಇತ್ತು, ಅದಕ್ಕಿಂತ ಹೆಚ್ಚಾದರೆ ಚೆಕ್ಕಿನಲ್ಲೇ ಕೊಡಬೇಕು. ವೋಚರ್‌ಗಳನ್ನು ಮೊತ್ತದ ಪ್ರಕಾರ ಜೋಡಿಸಿ ನೋಡಿದೆ. 480, 490, 495 ಹೀಗೆ ಮಿತಿಯ ಕೆಳಗೆ ಒಂದು ರಾಶಿ. ಅವುಗಳಲ್ಲಿ ಎಷ್ಟೋ ಜೋಡಿಗಳಿಗೆ ಒಂದೇ ದಿನಾಂಕ, ಒಂದೇ ಅಂಗಡಿ. ದೊಡ್ಡ ಬಿಲ್ಲೊಂದನ್ನು ಎರಡಾಗಿ ಸೀಳಿದ್ದಾರೆ ಎಂದು ಅಲ್ಲಿಗೇ ಗೊತ್ತಾಯಿತು. ಇದು ಸೋಮಾರಿತನವಿರಬಹುದು, ಚೆಕ್ಕಿಗೆ ಕಾಯುವ ತಾಳ್ಮೆ ಇಲ್ಲದಿರಬಹುದು. ಆದರೆ ಇನ್ನೊಂದು ಅಂಗಡಿಯ ಬಿಲ್ಲುಗಳ ಕಥೆ ಬೇರೆ. ನಾಲ್ಕು ತಿಂಗಳ ಅಂತರದಲ್ಲಿ ತಂದ ಬಿಲ್ಲುಗಳ ಸಂಖ್ಯೆ 61, 62, 63, 64. ನಾಲ್ಕು ತಿಂಗಳಲ್ಲಿ ಆ ಅಂಗಡಿಗೆ ನಮ್ಮವರನ್ನು ಬಿಟ್ಟು ಬೇರೆ ಗಿರಾಕಿಯೇ ಬಂದಿಲ್ಲವೇ? ಬಿಲ್ ಪುಸ್ತಕವೇ ಯಾರದೋ ಡ್ರಾಯರಿನಲ್ಲಿ ಇತ್ತು ಎಂದು ಆಮೇಲೆ ತಿಳಿಯಿತು. ಆ ಅಷ್ಟೂ ತಿಂಗಳು ಪೆಟ್ಟಿಗೆ ತಾಳೆಯಾಗುತ್ತಲೇ ಇತ್ತು.

ಈಗ ಫೋನಿನಲ್ಲಿ ಪಾವತಿ ಮಾಡುವ ಕಾಲ. ಸಿಬ್ಬಂದಿ ತಮ್ಮ ಫೋನಿನಿಂದ ದುಡ್ಡು ಕೊಟ್ಟು ಪೆಟ್ಟಿಗೆಯಿಂದ ನಗದು ಪಡೆಯುತ್ತಾರೆ, ಆಧಾರವೆಂದು ಸ್ಕ್ರೀನ್‌ಶಾಟ್ ಕೊಡುತ್ತಾರೆ. ದುಡ್ಡು ಹೋಗಿದೆ ಎಂಬುದಕ್ಕೆ ಅದು ಸಾಕ್ಷಿ, ಏನು ಕೊಂಡರು ಎಂಬುದಕ್ಕೆ ಸಾಕ್ಷಿಯಲ್ಲ. ಜೊತೆಗೆ ಅದೇ ಚಿತ್ರವನ್ನು ಎಷ್ಟು ಸಲ ಬೇಕಾದರೂ ಮುದ್ರಿಸಬಹುದು, ಅದರಲ್ಲಿ ಸ್ಟೇಪ್ಲರ್ ತೂತೂ ಇರುವುದಿಲ್ಲ. ವಹಿವಾಟಿನ ಸಂಖ್ಯೆಯನ್ನು ವೋಚರ್‌ನಲ್ಲಿ ಬರೆಸಿ, ಬಿಲ್ಲನ್ನೂ ಕೇಳಿ.

ಮರುಭರ್ತಿ ಒಂದು ಕಣ್ಣಾದರೆ ದಿಢೀರ್ ಎಣಿಕೆ ಇನ್ನೊಂದು. ಮರುಭರ್ತಿಯ ದಿನ ಕ್ಯಾಶಿಯರಿಗೆ ಮೊದಲೇ ಗೊತ್ತಿರುತ್ತದೆ, ಪೆಟ್ಟಿಗೆಯಿಂದ ಕೈಗಡ ತೆಗೆದವರು ಆ ದಿನಕ್ಕೆ ತಂದು ಇಡಬಹುದು. ಹೇಳದೆ ಹೋಗಿ ಎಣಿಸಿದಾಗ ಮಾತ್ರ ನಡುವಿನ ದಿನಗಳು ಕಾಣುತ್ತವೆ. ಎಣಿಸುವಾಗ ಕ್ಯಾಶಿಯರ್ ಎದುರಿಗೇ ಇರಬೇಕು, ಮೊದಲಿನಿಂದ ಕೊನೆಯವರೆಗೆ. ಎಣಿಸಿ ಮುಗಿದ ಮೇಲೆ ‘ಇಷ್ಟು ನಗದನ್ನು ನನ್ನ ಎದುರಿಗೆ ಎಣಿಸಿ ನನಗೇ ಪೂರ್ತಿ ಹಿಂದಿರುಗಿಸಿದ್ದಾರೆ’ ಎಂದು ಅವರ ಕೈಯಿಂದ ಬರೆಸಿ ಸಹಿ ತೆಗೆದುಕೊಳ್ಳಬೇಕು. ಇದು ಎಣಿಸುವವರ ರಕ್ಷಣೆಗೆ. ನಾಳೆ ಕೊರತೆ ಬಂದರೆ ಎಣಿಸಿದವರೇ ಎತ್ತಿಕೊಂಡರು ಎನ್ನುವ ಮಾತಿಗೆ ಎಡೆ ಇರಬಾರದು.

ನನ್ನದೇ ಒಂದು ಪೆದ್ದತನ ಹೇಳುತ್ತೇನೆ. ಒಂದೇ ಕಟ್ಟಡದಲ್ಲಿ ಎರಡು ವಿಭಾಗಗಳಿಗೆ ಎರಡು ಪೆಟ್ಟಿಗೆ. ಬೆಳಗ್ಗೆ ಒಂದನ್ನು ಎಣಿಸಿದೆ, ಸರಿಯಾಗಿತ್ತು. ಊಟ ಮುಗಿಸಿ ಬಂದು ಇನ್ನೊಂದನ್ನು ಎಣಿಸಿದೆ, ಅದೂ ಸರಿಯಾಗಿತ್ತು. ಎರಡನೆಯದರಲ್ಲಿದ್ದ ನೋಟಿನ ಕಟ್ಟಿನ ಮೇಲ್ಗಡೆಯ ನೋಟಿನ ಅಂಚಿನಲ್ಲಿ ನೀಲಿ ಶಾಯಿಯ ಒಂದು ಕಲೆ ಇತ್ತು. ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡು ಮೆಟ್ಟಿಲು ಇಳಿಯುವಾಗ ನೆನಪಾಯಿತು: ಬೆಳಗ್ಗೆ, ಮೊದಲ ಪೆಟ್ಟಿಗೆಯಲ್ಲಿ. ಊಟದ ಹೊತ್ತಿನಲ್ಲಿ ಅದೇ ಕಟ್ಟು ಮಹಡಿ ಹತ್ತಿ ಬಂದಿತ್ತು. ಅಂದಿನಿಂದ ಒಂದಕ್ಕಿಂತ ಹೆಚ್ಚು ಪೆಟ್ಟಿಗೆ ಇದ್ದರೆ ಎಲ್ಲವನ್ನೂ ಮೊದಲು ಸೀಲ್ ಮಾಡಿ ಆಮೇಲೆ ಒಂದೊಂದಾಗಿ ಎಣಿಸುತ್ತೇನೆ.

ಎಣಿಸುವಾಗ ನಗದಿನ ಜೊತೆ ಸಣ್ಣ ಚೀಟಿಗಳು ಸಿಗುತ್ತವೆ. ‘ಮೂರು ಸಾವಿರ ಪಡೆದಿದ್ದೇನೆ’, ಕೆಳಗೆ ಒಂದು ಗೀಚು, ದಿನಾಂಕವಿಲ್ಲ. ಅದು ವೋಚರ್ ಅಲ್ಲ, ಕೈಸಾಲ. ಅದನ್ನು ನಗದೆಂದಾಗಲಿ ವೋಚರೆಂದಾಗಲಿ ಲೆಕ್ಕಕ್ಕೆ ಹಿಡಿಯಬಾರದು; ಬೇರೆಯಾಗಿ ಬರೆದುಕೊಳ್ಳಬೇಕು. ಸಾಮಾನ್ಯವಾಗಿ ಆ ಗೀಚು ಕ್ಯಾಶಿಯರದಾಗಿರುವುದಿಲ್ಲ, ಅವರಿಗಿಂತ ಮೇಲಿನವರದಾಗಿರುತ್ತದೆ. ಮೇಲಿನವರು ಬಂದು ಕೇಳಿದರೆ ಕ್ಯಾಶಿಯರ್ ಹೇಗೆ ಇಲ್ಲ ಅನ್ನುತ್ತಾರೆ? ಇದಕ್ಕೆ ಮದ್ದು ಕ್ಯಾಶಿಯರಿಗೆ ಬುದ್ಧಿ ಹೇಳುವುದಲ್ಲ. ಪೆಟ್ಟಿಗೆಯಿಂದ ಯಾರಿಗೂ ಕೈಸಾಲ ಇಲ್ಲ ಎಂದು ಆಡಳಿತದ ಮುಖ್ಯಸ್ಥರು ಸಹಿ ಹಾಕಿದ ಒಂದು ಹಾಳೆಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಕೇಳಿದವರಿಗೆ ಕ್ಯಾಶಿಯರ್ ಮಾತಾಡದೆ ಮುಚ್ಚಳ ತೆರೆದು ತೋರಿಸಿದರಾಯಿತು. ಖರ್ಚಿಗೆಂದು ಮುಂಗಡ ಕೊಡಬೇಕಾದ ಸಂದರ್ಭ ಬೇರೆ. ಅದಕ್ಕೆ ನಂಬರಿರುವ ಚೀಟಿ, ಒಪ್ಪಿಗೆಯ ಸಹಿ, ಮರುದಿನ ಇಲ್ಲವೇ ಅದರ ಮರುದಿನ ಬಿಲ್ಲು ಮತ್ತು ಉಳಿಕೆ ಹಿಂದಿರುಗಬೇಕು ಎಂಬ ಗಡುವು ಇರಲಿ.

ಅದೇ ರೀತಿ ಪೆಟ್ಟಿಗೆಗೆ ಹೊರಗಿನಿಂದ ದುಡ್ಡು ಬರಬಾರದು. ರದ್ದಿ ಮಾರಿದ ದುಡ್ಡು, ಯಾರೋ ಹಿಂದಿರುಗಿಸಿದ ಮೊತ್ತ, ಇವೆಲ್ಲ ನೇರ ಬ್ಯಾಂಕಿಗೆ. ಪೆಟ್ಟಿಗೆಗೆ ಬೇರೆ ದುಡ್ಡು ಸೇರಿದ ದಿನ ಹತ್ತು ಸಾವಿರ ಎಂಬ ಅಳತೆಗೋಲು ಮುರಿಯುತ್ತದೆ, ಕೊರತೆಯೊಂದು ಇದ್ದರೆ ಅದರೊಳಗೆ ಮುಚ್ಚಿಹೋಗುತ್ತದೆ.

ಹತ್ತು ಸಾವಿರವೇ ಸರಿಯಾದ ಮೊತ್ತವೇ ಎಂದೂ ಒಮ್ಮೆ ನೋಡಿ. ನಿಮ್ಮ ಕಳೆದ ಮೂರು ತಿಂಗಳ ವೋಚರ್‌ಗಳನ್ನು ವಾರವಾರಕ್ಕೆ ಕೂಡಿ. ವಾರಕ್ಕೆ ಸುಮಾರು 2,500 ಹೋಗುತ್ತಿದ್ದರೆ ಮೂರು ವಾರಕ್ಕೆ 7,500, ಖರ್ಚು ಹೆಚ್ಚಿದ ವಾರಕ್ಕೆ ಸ್ವಲ್ಪ ಇರಲಿ ಎಂದರೆ ಹತ್ತು ಸಾವಿರ ಸರಿಯೇ. ಆದರೆ ಮೂರು ವಾರಕ್ಕೆ ಮೂರು ಸಾವಿರ ಮಾತ್ರ ಹೋಗುತ್ತಿದ್ದರೆ ಉಳಿದ ಏಳು ಸಾವಿರ ಸುಮ್ಮನೆ ಕೂತಿರುತ್ತದೆ. ಯಾರಿಗೂ ಬೇಡದ ಆ ದುಡ್ಡೇ ಮೊದಲು ಕೈಗಡವಾಗುವುದು. ಅಂಥಲ್ಲಿ ಐದು ಸಾವಿರಕ್ಕೆ ಇಳಿಸಿ. ಮೊತ್ತ ತೀರಾ ಚಿಕ್ಕದಾದರೆ ಅದಕ್ಕೂ ಒಂದು ಕಷ್ಟವಿದೆ: ನಾಲ್ಕು ದಿನಕ್ಕೊಮ್ಮೆ ಚೆಕ್ ಬರೆಯಬೇಕಾಗುತ್ತದೆ, ಸಹಿ ಮಾಡುವವರು ಬೇಸತ್ತು ಕಾಗದ ನೋಡದೆ ಸಹಿ ಹಾಕತೊಡಗುತ್ತಾರೆ.

ಲೆಕ್ಕದ ವರ್ಷ ಮುಗಿಯುವ ದಿನ ಪೆಟ್ಟಿಗೆ ಅರ್ಧ ನಗದು ಅರ್ಧ ಕಾಗದವಾಗಿ ಕೂತಿದ್ದರೆ ಎಚ್ಚರ ಬೇಕು. ಲೆಡ್ಜರ್ ಹತ್ತು ಸಾವಿರ ನಗದಿದೆ ಎನ್ನುತ್ತದೆ, ಪೆಟ್ಟಿಗೆಯಲ್ಲಿ ನಿಜಕ್ಕೂ ಇರುವುದು 3,100, ಉಳಿದ 6,900 ಆ ವರ್ಷದ ಖರ್ಚು. ಆ ದಿನವೇ ಮರುಭರ್ತಿ ಮಾಡಿಬಿಡುವುದು ಸುಲಭ. ಆಗದಿದ್ದರೆ ಕನಿಷ್ಠ ಆ 6,900ನ್ನು ಖರ್ಚಿನ ಖಾತೆಗಳಿಗೆ ಡೆಬಿಟ್ ಮಾಡಿ ಪೆಟ್ಟಿ ಕ್ಯಾಶ್‌ಗೆ ಕ್ರೆಡಿಟ್ ಮಾಡಬೇಕು. ಹಾಗೆ ಮಾಡಿದ್ದರೆ ಹೊಸ ವರ್ಷದ ಮೊದಲ ಮರುಭರ್ತಿಯಲ್ಲಿ ಅದೇ 6,900ನ್ನು ಮತ್ತೆ ಖರ್ಚಿಗೆ ಹಾಕದೆ ಪೆಟ್ಟಿ ಕ್ಯಾಶ್ ಖಾತೆಗೇ ಡೆಬಿಟ್ ಮಾಡಬೇಕು, ಇಲ್ಲದಿದ್ದರೆ ಒಂದೇ ಖರ್ಚು ಎರಡು ವರ್ಷದಲ್ಲೂ ಕಾಣಿಸಿಕೊಳ್ಳುತ್ತದೆ.

‘ನಮ್ಮದು ಸಣ್ಣ ಸಂಸ್ಥೆ, ಇಷ್ಟಕ್ಕೆಲ್ಲ ಜನ ಎಲ್ಲಿ?’ ಎಂದು ನೀವು ಕೇಳಬಹುದು. ಮೂವರಿದ್ದರೆ ಸಾಕು: ಒಬ್ಬರು ಪೆಟ್ಟಿಗೆ ನೋಡಿಕೊಳ್ಳಲಿ, ಒಬ್ಬರು ಖರ್ಚಿಗೆ ಒಪ್ಪಿಗೆ ಕೊಡಲಿ, ಒಬ್ಬರು ವೋಚರ್ ನೋಡಿ ಚೆಕ್ಕಿಗೆ ಸಹಿ ಮಾಡಲಿ. ಇಬ್ಬರೇ ಇದ್ದರೆ ಒಪ್ಪಿಗೆಯೂ ಸಹಿಯೂ ಮುಖ್ಯಸ್ಥರದೇ ಆಗಲಿ. ಬಿಟ್ಟುಕೊಡಲೇಬಾರದ್ದು ಒಂದೇ: ನಗದು ಯಾರ ಕೈಯಲ್ಲಿದೆಯೋ ಅವರೇ ವೋಚರ್‌ಗೆ ಒಪ್ಪಿಗೆ ಕೊಡಬಾರದು, ಲೆಡ್ಜರ್ ಬರೆಯಬಾರದು. ಕ್ಯಾಶಿಯರ್ ರಜೆಗೆ ಹೋಗುವಾಗ ಕೀಲಿ ಕೈಗಿಟ್ಟು ಹೋಗುವುದೂ ಬೇಡ. ಹೋಗುವವರೂ ಬರುವವರೂ ಕೂಡಿ ಎಣಿಸಿ, ಇಬ್ಬರೂ ಸಹಿ ಹಾಕಿ ಹಸ್ತಾಂತರ ಮಾಡಿಕೊಳ್ಳಲಿ.

ಇನ್ನು ನಿಮ್ಮ ಪೆಟ್ಟಿಗೆಯನ್ನು ಇಂಪ್ರೆಸ್ಟಿಗೆ ತರುವುದು ಒಂದು ಮಧ್ಯಾಹ್ನದ ಕೆಲಸ. ಇವತ್ತಿನವರೆಗಿನ ವೋಚರ್‌ಗಳನ್ನೆಲ್ಲ ಖರ್ಚಿಗೆ ಹಾಕಿ ಮುಗಿಸಿ, ಲೆಡ್ಜರ್‌ನ ಪ್ರಕಾರ ಎಷ್ಟು ಶಿಲ್ಕು ಉಳಿಯಬೇಕು ಎಂದು ತೆಗೆಯಿರಿ. ನಗದು ಎಣಿಸಿ. ವ್ಯತ್ಯಾಸವಿದ್ದರೆ ಅದನ್ನು ಹೆಚ್ಚು ಕಡಿಮೆ ಖಾತೆಗೆ ಹಾಕಿ, ಹಿಂದಿನದನ್ನು ಅಲ್ಲಿಗೆ ಮುಗಿಸಿ. ಕೈಯಲ್ಲಿ 8,534 ಇದ್ದರೆ 1,466 ಬ್ಯಾಂಕಿನಿಂದ ತೆಗೆದು ಸೇರಿಸಿ, ಇದನ್ನು ಮಾತ್ರ ಪೆಟ್ಟಿ ಕ್ಯಾಶ್ ಖಾತೆಗೆ ಡೆಬಿಟ್ ಮಾಡಿ. 10,404 ಇದ್ದರೆ 404ನ್ನು ಬ್ಯಾಂಕಿಗೆ ಕಟ್ಟಿ ಅದೇ ಖಾತೆಗೆ ಕ್ರೆಡಿಟ್ ಮಾಡಿ. ಖಾತೆ ಹತ್ತು ಸಾವಿರಕ್ಕೆ ನಿಂತ ಮೇಲೆ ‘ಹತ್ತು ಸಾವಿರ ಪಡೆದು ಅದಕ್ಕೆ ಹೊಣೆಯಾಗಿದ್ದೇನೆ’ ಎಂದು ಕ್ಯಾಶಿಯರಿಂದ ಬರೆಸಿಕೊಳ್ಳಿ. ಆಮೇಲೆ ಮೊಹರು ತೆಗೆದುಕೊಂಡು ಕೂತು ಹಳೆಯ ಕಟ್ಟುಗಳ ಎಲ್ಲ ಬಿಲ್ಲುಗಳ ಮೇಲೂ ಒತ್ತಿ. ಕೈ ನೋಯುವಷ್ಟು ಇರುತ್ತವೆ, ಆದರೆ ಅವುಗಳಲ್ಲಿ ಒಂದೂ ಹೊಸ ವೋಚರ್‌ನ ಹಿಂದೆ ಪಿನ್ ಆಗಿ ಹೊಸ ಪೆಟ್ಟಿಗೆಗೆ ಬರಬಾರದು.